ಲೌಡ್‌ನೆಸ್ ವಾರ್: ಡ್ರಮ್ಮಿನ ಪೆಟ್ಟು ಕಳೆದುಹೋದ ಬಗೆ

ಸಿ.ಡಿ.ಯಲ್ಲಿ ಧ್ವನಿಯ ಮಟ್ಟಕ್ಕೆ ದಾಟಲಾಗದ ಒಂದು ಮೇಲ್ಮಿತಿಯಿದೆ; ಅದನ್ನು 0 ಡೆಸಿಬೆಲ್ ಎಂದು ಗುರುತಿಸಿ, ಉಳಿದ ಮಟ್ಟಗಳನ್ನೆಲ್ಲ ಅಲ್ಲಿಂದ ಕೆಳಕ್ಕೆ ಎಣಿಸುತ್ತಾರೆ. ಒಂದೇ ಹಾಡಿನ ಎರಡು ಪ್ರತಿಗಳನ್ನು ಒಂದಾದ ಮೇಲೊಂದು ಕೇಳಿದಾಗ ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ತೋರುವುದರಿಂದ, ತಮ್ಮ ಆಲ್ಬಮ್ ಇತರರದ್ದಕ್ಕಿಂತ ಜೋರಾಗಿರಬೇಕೆಂಬ ಪೈಪೋಟಿ 1990ರ ದಶಕದಲ್ಲಿ ಬಿರುಸಾಯಿತು; ಲೌಡ್‌ನೆಸ್ ವಾರ್ ಎನ್ನುವುದು ಇದನ್ನೇ. ಮೇಲ್ಮಿತಿಯನ್ನು ಏರಿಸಲು ಸಾಧ್ಯವಿಲ್ಲದ ಕಾರಣ ಉಳಿದದ್ದು ಒಂದೇ ದಾರಿ: ಶಿಖರಗಳನ್ನು ಅದುಮಿ ಉಳಿದದ್ದನ್ನು ಮೇಲೆತ್ತುವುದು.

ಒಂದು ಲೆಕ್ಕ ನೋಡೋಣ. ಹಾಡಿನಲ್ಲಿ ಗಿಟಾರುಗಳ ಸರಾಸರಿ ಮಟ್ಟ −14, ಸ್ನೇರ್ ಡ್ರಮ್ಮಿನ ಪೆಟ್ಟು ಸರಿಯಾಗಿ 0 ಇದೆ ಎಂದುಕೊಳ್ಳಿ. ಶಿಖರಗಳು ಮೇಲ್ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿ ಇಡೀ ಹಾಡನ್ನು 8 ಡೆಸಿಬೆಲ್ ಏರಿಸಿದರೆ ಗಿಟಾರುಗಳು −6ಕ್ಕೆ ಬರುತ್ತವೆ. ಸ್ನೇರ್ ಮಾತ್ರ ಏರಲು ಜಾಗವಿಲ್ಲದೆ 0ಯಲ್ಲೇ ನಿಲ್ಲುತ್ತದೆ. ಮೊದಲು 14 ಡೆಸಿಬೆಲ್ ಇದ್ದ ಅಂತರ ಈಗ 6 ಮಾತ್ರ. ಗಿಟಾರುಗಳ ಗೋಡೆಯನ್ನು ಸೀಳಿಕೊಂಡು ಬರಬೇಕಾದ ಪೆಟ್ಟು ಅದರೊಳಗೇ ಹೂತುಹೋಗುತ್ತದೆ. ಹೀಗೆ ಜೋರು ಮತ್ತು ಮೆದು ಸದ್ದುಗಳ ಅಂತರವನ್ನು ಕುಗ್ಗಿಸುವ ಕಂಪ್ರೆಷನ್ನೇ ದೋಷವೆಂದು ಇದರಿಂದ ತೀರ್ಮಾನಿಸಬಾರದು. ಗಾಯನವನ್ನೂ ಬಾಸ್ ಗಿಟಾರನ್ನೂ ಹದವಾಗಿ ಹಿಡಿದಿಡಲು ರಾಕ್ ಸಂಗೀತ ಮೊದಲಿನಿಂದಲೂ ಅದನ್ನು ಬಳಸಿಕೊಂಡೇ ಬಂದಿದೆ.

ಮಿತಿ ಮೀರಿದಾಗ ಏನಾಗುತ್ತದೆಂಬುದಕ್ಕೆ ಮೆಟಾಲಿಕಾ ತಂಡದ 2008ರ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣದು. ಅದೇ ಹಾಡುಗಳು ‘ಗಿಟಾರ್ ಹೀರೋ’ ವಿಡಿಯೋ ಗೇಮಿಗಾಗಿಯೂ ಬಿಡುಗಡೆಯಾದವು, ಆದರೆ ಅಲ್ಲಿ ಸಿ.ಡಿ.ಯಷ್ಟು ಅದುಮುವಿಕೆ ಇರಲಿಲ್ಲ. ಹಾಗಾಗಿ ಒಂದೇ ವಾದನದ ಎರಡು ರೂಪಗಳು ಕೇಳುಗರ ಕೈಗೆ ಸಿಕ್ಕವು. ಗೇಮಿನ ಪ್ರತಿಯ ಅಲೆಚಿತ್ರದಲ್ಲಿ ಡ್ರಮ್ಮಿನ ಒಂದೊಂದು ಪೆಟ್ಟೂ ಮುಳ್ಳಿನಂತೆ ಎದ್ದು ಕಂಡರೆ, ಸಿ.ಡಿ.ಯದ್ದು ಇಟ್ಟಿಗೆಯಂತೆ ಸಪಾಟಾಗಿತ್ತು. ಹಿಗ್ಗಿಸಿ ನೋಡಿದರೆ ಅಲೆಗಳ ನೆತ್ತಿಯೇ ಕತ್ತರಿಸಿಹೋಗಿತ್ತು. ಈ ಕತ್ತರಿಕೆಗೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಜೋರಾದ ಪೆಟ್ಟುಗಳ ಜೊತೆ ಬರುವ ಚರಚರ ಸದ್ದಾಗಿ ಅದು ಕಿವಿಗೂ ಬೀಳುತ್ತದೆ. ಆಲ್ಬಮ್ಮನ್ನು ಮರುಮಿಶ್ರಣ ಮಾಡಬೇಕೆಂಬ ಮನವಿಗೆ ಸಾವಿರಾರು ಅಭಿಮಾನಿಗಳು ಸಹಿ ಹಾಕಿದರು. ತನ್ನ ಬಳಿಗೆ ಬರುವ ಮೊದಲೇ ಮಿಶ್ರಣಗಳು ಹೀಗೆ ಅದುಮಿಹೋಗಿದ್ದವೆಂದು ಮಿಶ್ರಣದ ನಂತರದ ಕೊನೆಯ ಹಂತವಾದ ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ತಿಳಿಸಿದರು. ಇದು ಗಮನಿಸಬೇಕಾದ ಸಂಗತಿ: ಕ್ಲಿಪ್ಪಿಂಗ್ ಮಿಶ್ರಣದ ಹಂತದಲ್ಲೇ ಆಗಿದ್ದರೆ ಮುಂದಿನ ಹಂತದಲ್ಲಿ ಮಟ್ಟ ಇಳಿಸಿದರೂ ಕತ್ತರಿಸಿದ ನೆತ್ತಿ ಮರಳಿ ಬೆಳೆಯುವುದಿಲ್ಲ.

ಇಂಥ ಎರಡು ಪ್ರತಿಗಳನ್ನು ಹೋಲಿಸುವಾಗ ಮೊದಲು ಅವುಗಳ ಸರಾಸರಿ ಮಟ್ಟವನ್ನು ಸಮ ಮಾಡಿಕೊಳ್ಳಿ, ಇಲ್ಲದಿದ್ದರೆ ಜೋರಿನದ್ದೇ ಗೆದ್ದಂತೆ ತೋರುತ್ತದೆ. ನಮ್ಮ ಲೆಕ್ಕದ ಜೋರು ಪ್ರತಿಯನ್ನು 8 ಡೆಸಿಬೆಲ್ ಇಳಿಸಿದರೆ ಗಿಟಾರುಗಳು ಎರಡರಲ್ಲೂ −14ಕ್ಕೆ ಬಂದು ನಿಲ್ಲುತ್ತವೆ, ಆದರೆ ಸ್ನೇರ್ ಒಂದರಲ್ಲಿ 0, ಇನ್ನೊಂದರಲ್ಲಿ −8. ಸ್ಪಾಟಿಫೈಯಂತಹ ಸ್ಟ್ರೀಮಿಂಗ್ ಸೇವೆಗಳು ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದೇ ಜೋರಿಗೆ ತರುವಾಗ ಮಾಡುವುದೂ ಇದನ್ನೇ. ಅಲ್ಲಿ ಅದುಮಿದ ಹಾಡಿಗೆ ಜೋರಿನ ಲಾಭ ಸಿಗುವುದಿಲ್ಲ, ಪೆಟ್ಟಿನ ನಷ್ಟ ಮಾತ್ರ ಹಾಗೆಯೇ ಉಳಿಯುತ್ತದೆ.