ರಿಪೋರ್ಟಿನಲ್ಲಿ ‘ಇಡಿಯೋಪಥಿಕ್’ ಎಂದಿದ್ದರೆ ಡಾಕ್ಟರು ಏನು ಹೇಳುತ್ತಿದ್ದಾರೆ?

ಮಳೆಗಾಲದ ಮಂಗಳೂರಿನಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗಿದೆ ಅಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ಡೆಂಗಿ, ಇಲ್ಲದಿದ್ದರೆ ಮಲೇರಿಯಾ. ಸಂಜೆಯೊಳಗೆ ಪಕ್ಕದ ಮನೆಯವರು ಬಪ್ಪಂಗಾಯಿ ಎಲೆ ತಂದುಕೊಟ್ಟಿರುತ್ತಾರೆ. ಆದರೆ ಜ್ವರವೇ ಇಲ್ಲ, ಮೈಕೈ ನೋವೂ ಇಲ್ಲ, ಆದರೂ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿದಿದೆ ಅಂದರೆ? ಅಂಥ ರಿಪೋರ್ಟಿನಲ್ಲಿ ಹಲವು ಸಲ ‘ಇಡಿಯೋಪಥಿಕ್ ಥ್ರಾಂಬೋಸೈಟೋಪೀನಿಕ್ ಪರ್ಪ್ಯುರಾ’ ಎಂದು ಇರುತ್ತದೆ. ಚಿಕ್ಕದಾಗಿ ಐಟಿಪಿ. ಮನೆಯವರು ಇಡಿಯೋಪಥಿಕ್ ಅಂದರೇನು ಅಂತ ಮೊಬೈಲಿನಲ್ಲಿ ಹುಡುಕುತ್ತಾರೆ, ‘ಕಾರಣ ಗೊತ್ತಿಲ್ಲದ್ದು’ ಎಂದು ಬರುತ್ತದೆ, ಅಲ್ಲಿಂದ ಗಲಾಟೆ ಶುರು. ಇಷ್ಟು ದುಡ್ಡು ಖರ್ಚು ಮಾಡಿ ಡಾಕ್ಟರಿಗೇ ಗೊತ್ತಿಲ್ಲ ಅಂದರೆ ಏನರ್ಥ? ಬೇರೆ ಕಡೆ ತೋರಿಸುವುದಾ, ಪ್ರಶ್ನೆ ಇಡಿಸುವುದಾ?

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು, ಈ ಪ್ರಶ್ನೆ ಕೌಂಟರಿನಲ್ಲೇ ಕೇಳಿಸಿಕೊಂಡಿದ್ದೇನೆ. ಡಾಕ್ಟರು ಆ ಪದ ಬರೆಯುವ ಮೊದಲು ಏನೇನು ನಡೆದಿರುತ್ತದೆ ಅಂತ ಒಂದು ಕೇಸ್ ಹಿಡಿದು ಹೇಳುತ್ತೇನೆ.

ಉಡುಪಿ ಕಡೆಯ ಹುಡುಗಿ, ಡಿಗ್ರಿ ಓದುತ್ತಿರುವವಳು. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು. ಮೊಣಕಾಲಿನ ಕೆಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಅಮ್ಮ ಸೊಳ್ಳೆ ಕಚ್ಚಿದ್ದು ಅಂದುಕೊಂಡಿದ್ದರು. ಸೊಳ್ಳೆ ಕಡಿತದ ಗುರುತಾದರೆ ಬೆರಳಿಂದ ಒತ್ತಿದಾಗ ಬಣ್ಣ ಹೋಗುತ್ತದೆ, ಇದು ಹೋಗಲಿಲ್ಲ. ಚರ್ಮದ ಅಡಿಯಲ್ಲಿ ರಕ್ತ ಜಿನುಗಿದ ಗುರುತು ಅದು. ಮೆಷಿನ್ ಕೊಟ್ಟ ಪ್ಲೇಟ್‌ಲೆಟ್ ಲೆಕ್ಕ 14,000. ಇರಬೇಕಾದದ್ದು ಒಂದೂವರೆ ಲಕ್ಷಕ್ಕಿಂತ ಜಾಸ್ತಿ.

ಇಲ್ಲಿ ಲ್ಯಾಬಿನವರು ಮೊದಲು ಅನುಮಾನ ಪಡುವುದು ರೋಗಿಯ ಮೇಲಲ್ಲ, ಟ್ಯೂಬಿನ ಮೇಲೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ಪ್ಲೇಟ್‌ಲೆಟ್‌ಗಳು ಅದರಲ್ಲಿ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಮೆಷಿನ್‌ಗೆ ಆ ಗುಂಪು ಪ್ಲೇಟ್‌ಲೆಟ್ ಅಂತ ಗೊತ್ತಾಗುವುದೇ ಇಲ್ಲ. ಏನೂ ಕಾಯಿಲೆ ಇಲ್ಲದವರಿಗೂ ರಿಪೋರ್ಟಿನಲ್ಲಿ ‘ಕಡಿಮೆ’ ಬರುತ್ತದೆ. ಹಾಗಾಗಿ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಇನ್ನೊಂದು ಸ್ಯಾಂಪಲ್ ತೆಗೆದೆವು, ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆವು. ಆಯಿಲ್ ಲೆನ್ಸ್‌ನಲ್ಲಿ ಒಂದು ನೋಟಕ್ಕೆ ಹತ್ತಾದರೂ ಪ್ಲೇಟ್‌ಲೆಟ್ ಕಾಣಬೇಕು. ಇಲ್ಲಿ ಒಂದು ಸಿಕ್ಕರೆ ಪುಣ್ಯ, ಸಿಕ್ಕಿದ್ದೂ ಮಾಮೂಲಿಗಿಂತ ದೊಡ್ಡದು. ಗುಂಪು ಎಲ್ಲೂ ಇಲ್ಲ. ಅಂದರೆ ಲೆಕ್ಕ ನಿಜ.

ಅದೇ ಗಾಜಿನಲ್ಲಿ ಹುಡುಕಲೇಬೇಕಾದ ಬೇರೆ ಎರಡು ಸಂಗತಿಗಳಿವೆ. ಬಿಳಿ ರಕ್ತಕಣಗಳಲ್ಲಿ ಬಲಿಯದ ಕಣಗಳು ಕಂಡರೆ ಲ್ಯುಕೇಮಿಯಾದ ಅನುಮಾನ. ಕೆಂಪು ಕಣಗಳು ಹರಿದು ಚೂರುಚೂರಾಗಿ ಕಂಡರೆ ಟಿಟಿಪಿ ಎಂಬ ಇನ್ನೊಂದು ಕಾಯಿಲೆ ಇರಬಹುದು, ಅದರಲ್ಲಿ ಒಂದು ದಿನ ತಡಮಾಡುವುದೂ ಅಪಾಯ. ಈ ಹುಡುಗಿಗೆ ಎರಡೂ ಇರಲಿಲ್ಲ. ಆಮೇಲೆ ಡೆಂಗಿ, ಮಲೇರಿಯಾ, ಎಚ್‌ಐವಿ, ಹೆಪಟೈಟಿಸ್ ಸಿ ನೋಡಿದರು. ಮೈಯ ರಕ್ಷಣಾ ವ್ಯವಸ್ಥೆ ಮೈಮೇಲೆಯೇ ತಿರುಗಿ ಬೀಳುವ ಲೂಪಸ್ ಎಂಬ ಕಾಯಿಲೆ ಇರಬಹುದಾ ಅಂತ ಎಎನ್‌ಎ ಎಂಬ ರಕ್ತಪರೀಕ್ಷೆ ಮಾಡಿದರು. ಹೊಟ್ಟೆ ಮುಟ್ಟಿ ಗುಲ್ಮ, ಅಂದರೆ ಸ್ಪ್ಲೀನ್, ಊದಿದೆಯಾ ಅಂತ ನೋಡಿದರು. ಈಚೆಗೆ ಯಾವ ಮಾತ್ರೆ ತಗೊಂಡಿದ್ದೆ ಅಂತ ಕೆದಕಿ ಕೆದಕಿ ಕೇಳಿದರು, ಯಾಕೆಂದರೆ ಕೆಲವು ಔಷಧಿಗಳಿಂದಲೂ ಪ್ಲೇಟ್‌ಲೆಟ್ ಹೀಗೆ ಇಳಿಯುತ್ತದೆ. ಎಲ್ಲದಕ್ಕೂ ಉತ್ತರ ‘ಇಲ್ಲ’ ಅಂತ ಬಂದ ಮೇಲೆಯೇ ಐಟಿಪಿ ಎಂದು ಬರೆದದ್ದು.

ಹಾಗಾಗಿ ಆ ಪದದ ಬೆಲೆ ಅದರ ಹಿಂದೆ ಎಷ್ಟು ‘ಇಲ್ಲ’ಗಳಿವೆ ಅನ್ನುವುದರ ಮೇಲೆ ನಿಂತಿದೆ. ಗಾಜಿನ ಮೇಲೆ ಸವರಿದ ಆ ರಕ್ತದ ಸ್ಮಿಯರ್ ಕೂಡ ನೋಡದೆ ಬರೆದ ಇಡಿಯೋಪಥಿಕ್‌ಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಡಾಕ್ಟರನ್ನು ಕೇಳಬೇಕಾದ್ದೂ ಇದನ್ನೇ: ಏನೇನು ಇಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದೀರಿ?

ಈ ಕಾಯಿಲೆಯ ಹೆಸರಿಗೆ ಆ ಪದ ಅಂಟಿಕೊಂಡದ್ದಕ್ಕೂ ದೊಡ್ಡ ಕತೆ ಇದೆ. ಜರ್ಮನಿಯ ವೆರ್ಲ್‌ಹಾಫ್ ಎಂಬ ವೈದ್ಯ 1735ರಲ್ಲೇ ಇದನ್ನು ವಿವರಿಸಿದ್ದ. ಆಗ ಪ್ಲೇಟ್‌ಲೆಟ್ ಎಂಬುದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1880ರ ದಶಕದಲ್ಲಿ ಪ್ಲೇಟ್‌ಲೆಟ್‌ಗಳ ಕೆಲಸ ಗೊತ್ತಾಯಿತು, ಈ ರೋಗಿಗಳಲ್ಲಿ ಅವೇ ಕಡಿಮೆ ಅಂತಲೂ ತಿಳಿಯಿತು. ಯಾಕೆ ಕಡಿಮೆ ಅನ್ನುವುದಕ್ಕೆ ಮಾತ್ರ ಜಗಳ. ಮೂಳೆಯೊಳಗಿನ ಮಜ್ಜೆ ಸರಿಯಾಗಿ ತಯಾರಿಸುತ್ತಿಲ್ಲ ಅಂತ ಕೆಲವರು, ತಯಾರಾದದ್ದನ್ನು ಗುಲ್ಮ ನಾಶ ಮಾಡುತ್ತಿದೆ ಅಂತ ಕೆಲವರು. 1916ರಲ್ಲಿ ಪ್ರಾಗ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಕಾಜ್ನೆಲ್ಸನ್, ಹಾಗಾದರೆ ಗುಲ್ಮವನ್ನೇ ತೆಗೆಯಿರಿ ಎಂದು ಹೇಳಿ ಮಾಡಿಸಿದ. ರೋಗಿಗೆ ಗುಣ ಕಂಡಿತು, ಆದರೂ ಜಗಳ ನಿಲ್ಲಲಿಲ್ಲ.

ನಿಲ್ಲಿಸಿದ್ದು ಹ್ಯಾರಿಂಗ್ಟನ್. ಇದು ಈಗ ಯಾವ ಆಸ್ಪತ್ರೆಯೂ ಒಪ್ಪದ ಕೆಲಸ, ಒಪ್ಪಲೂಬಾರದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತರಬೇತಿಯಲ್ಲಿದ್ದ ಈ ವೈದ್ಯ 1950ರಲ್ಲಿ ಐಟಿಪಿ ಇದ್ದ ಒಬ್ಬ ಮಹಿಳೆಯ ರಕ್ತ ಸುಮಾರು ಅರ್ಧ ಲೀಟರ್ ತೆಗೆದು ತನಗೇ ಏರಿಸಿಕೊಂಡ. ಕೆಲವೇ ಗಂಟೆಯಲ್ಲಿ ಅವನ ಪ್ಲೇಟ್‌ಲೆಟ್ ತಳ ಮುಟ್ಟಿತು, ಮೈಮೇಲೆ ಚುಕ್ಕೆಗಳೆದ್ದವು, ಫಿಟ್ಸ್ ಕೂಡ ಬಂತು. ಒಂದು ವಾರದೊಳಗೆ ಸುಧಾರಿಸಿಕೊಂಡ. ಅವನ ಮಜ್ಜೆಗೆ ಮೊದಲು ಯಾವ ತೊಂದರೆಯೂ ಇರಲಿಲ್ಲ, ಅಂದಮೇಲೆ ಆ ಮಹಿಳೆಯ ರಕ್ತದಲ್ಲೇ ಪ್ಲೇಟ್‌ಲೆಟ್ ಕೊಲ್ಲುವ ಏನೋ ಇದೆ ಅಂತಾಯಿತಲ್ವಾ? ಅದು ಪ್ರತಿಕಾಯ, ಅಂದರೆ ಆಂಟಿಬಾಡಿ, ಅಂತ ಮುಂದೆ 1960ರ ದಶಕದಲ್ಲಿ ಖಚಿತವಾಯಿತು. ಮೈಯ ರಕ್ಷಣೆಗೆ ಇರುವ ವ್ಯವಸ್ಥೆ ತನ್ನದೇ ಪ್ಲೇಟ್‌ಲೆಟ್‌ಗಳಿಗೆ ಪ್ರತಿಕಾಯ ಅಂಟಿಸುತ್ತದೆ, ಗುಲ್ಮ ಅವನ್ನು ಹಿಡಿದು ಮುಗಿಸುತ್ತದೆ. ಏಳೆಂಟು ದಿನ ಬದುಕಬೇಕಾದ ಪ್ಲೇಟ್‌ಲೆಟ್ ಕೆಲವು ಗಂಟೆಗಳಲ್ಲೇ ಮಾಯ. ಹೊರಗಿನಿಂದ ಪ್ಲೇಟ್‌ಲೆಟ್ ಏರಿಸಿದರೂ ಅದು ನಿಲ್ಲದಿರುವುದು ಇದೇ ಕಾರಣಕ್ಕೆ. ಜೋರಾಗಿ ರಕ್ತ ಹೋಗುತ್ತಿದ್ದರೆ ಮಾತ್ರ ಏರಿಸುತ್ತಾರೆ.

ಇಷ್ಟೆಲ್ಲ ಗೊತ್ತಾದ ಮೇಲೂ ಹೆಸರಿನಲ್ಲಿ ‘ಇಡಿಯೋಪಥಿಕ್’ ಹಾಗೇ ಉಳಿಯಿತು. ಕೊನೆಗೆ ತಜ್ಞರ ಗುಂಪೊಂದು 2007ರಲ್ಲಿ ಇಟಲಿಯ ವಿಚೆಂಜಾದಲ್ಲಿ ಸೇರಿ ಮಾತಾಡಿ, 2009ರಲ್ಲಿ ಪ್ರಕಟಿಸಿತು: ಇನ್ನು ಮುಂದೆ ಇದು ‘ಇಮ್ಯೂನ್ ಥ್ರಾಂಬೋಸೈಟೋಪೀನಿಯಾ’. ಬೇರೆ ಕಾಯಿಲೆಯ ಜೊತೆ ಬಂದರೆ ಸೆಕೆಂಡರಿ, ತಾನಾಗಿ ಬಂದರೆ ಪ್ರೈಮರಿ. ಐಟಿಪಿ ಎಂಬ ಮೂರಕ್ಷರ ಮಾತ್ರ ಬಳಕೆಯಲ್ಲಿ ಉಳಿಯಿತು. ಹಳೇ ಹೆಸರು ಇನ್ನೂ ಎಷ್ಟೋ ರಿಪೋರ್ಟುಗಳಲ್ಲಿ ಅಚ್ಚಾಗುತ್ತದೆ, ಅಭ್ಯಾಸಬಲ ಅಷ್ಟೇ. ಅದನ್ನು ನೋಡಿ ಡಾಕ್ಟರು ಹಿಂದುಳಿದಿದ್ದಾರೆ ಅಂದುಕೊಳ್ಳಬೇಡಿ.

ಹಾಗಂತ ಎಲ್ಲ ಬಿಡಿಸಿ ಆಯಿತು ಅಂತಲೂ ಅಲ್ಲ. ಪ್ಲೇಟ್‌ಲೆಟ್ ಹೇಗೆ ಸಾಯುತ್ತಿದೆ ಅಂತ ಗೊತ್ತು, ಇವಳ ಮೈಯಲ್ಲೇ, ಈಗಲೇ ಅದು ಯಾಕೆ ಶುರುವಾಯಿತು ಅಂತ ಹೆಚ್ಚಿನವರ ವಿಷಯದಲ್ಲಿ ಗೊತ್ತಾಗುವುದಿಲ್ಲ. ಆ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ ಇದೆ, ಆದರೆ ನಿಜವಾದ ಐಟಿಪಿ ಇದ್ದವರಲ್ಲೂ ಅದು ಎಷ್ಟೋ ಸಲ ನೆಗೆಟಿವ್ ಬರುತ್ತದೆ. ಹಾಗಾಗಿ ಹೆಸರು ಬದಲಾದರೂ ದಾರಿ ಹಳೆಯದೇ, ಒಂದೊಂದನ್ನೇ ಅಳಿಸುತ್ತಾ ಬರುವುದು. ಅಳಿಸಿದ್ದು ಆಮೇಲೆ ಮರಳಿ ಬರುವುದೂ ಉಂಟು. ಐಟಿಪಿ ಎಂದು ಬರೆದ ಕೆಲವರಲ್ಲಿ ಒಂದೆರಡು ವರ್ಷ ಕಳೆದು ಲೂಪಸ್ ಕಾಣಿಸಿಕೊಳ್ಳುತ್ತದೆ. ಆಗ ಮೊದಲಿನ ಡಾಕ್ಟರು ತಪ್ಪು ಬರೆದರು ಎನ್ನಲಾಗದು, ಅವತ್ತಿಗೆ ಅದು ಹೊರಗೆ ಬಂದಿರಲಿಲ್ಲ.

ಆ ಹುಡುಗಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 40 ಮಿಲಿಗ್ರಾಂ, ನಾಲ್ಕು ದಿನ ಕೊಟ್ಟರು. ಮುಂದಿನ ವಾರ ಪ್ಲೇಟ್‌ಲೆಟ್ ಲಕ್ಷ ದಾಟಿತು. ಸ್ಟೀರಾಯ್ಡ್‌ಗೆ ಹೀಗೆ ಏರಿದ್ದು ಐಟಿಪಿ ಅನ್ನುವುದಕ್ಕೆ ಇನ್ನೊಂದು ಬೆಂಬಲ. ಎರಡು ತಿಂಗಳಲ್ಲಿ ಮತ್ತೆ 45,000ಕ್ಕೆ ಇಳಿಯಿತು. ರಕ್ತ ಎಲ್ಲೂ ಬರುತ್ತಿರಲಿಲ್ಲ, ಲೆಕ್ಕ 30,000ಕ್ಕಿಂತ ಮೇಲಿತ್ತು, ಹಾಗಾಗಿ ಡಾಕ್ಟರು ಔಷಧಿ ಕೊಡಲಿಲ್ಲ. ನೋವಿನ ಮಾತ್ರೆ ಸುಮ್ನೆ ತಗೋಬೇಡ, ಹದಿನೈದು ದಿನಕ್ಕೊಮ್ಮೆ ಕೌಂಟ್ ಮಾಡಿಸು, ಆರು ತಿಂಗಳು ಬಿಟ್ಟು ಎಎನ್‌ಎ ಮತ್ತೆ ನೋಡೋಣ ಅಂದರು.