ಗುಡ್ಡ ಹತ್ತುವ ಪ್ರಶ್ನೆಯಿಂದ ಮಾತ್ರೆ ಚೀಟಿಯವರೆಗೆ: ಆಪರೇಷನ್‌ಗೆ ಮುನ್ನ ಹೃದಯದ ಅಪಾಯ ಅಳೆಯುವುದು

ಒಂದು ಮಾದರಿ ಕೇಸ್ ಹಿಡಿದು ಹೋಗೋಣ. ಕೊಡಗಿನ ನಾಪೋಕ್ಲು ಕಡೆಯ 67 ವರ್ಷದ ಕಾಫಿ ಬೆಳೆಗಾರರು. ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್. ಹೊಟ್ಟೆ ತೆರೆದು ಆ ಭಾಗ ತೆಗೆಯಬೇಕು, ದಿನಾಂಕ ಮುಂದಿನ ವಾರದ ಸೋಮವಾರ. 14 ತಿಂಗಳ ಹಿಂದೆ ಹೃದಯಾಘಾತವಾಗಿ ಔಷಧಿ ಲೇಪಿತ ಸ್ಟೆಂಟ್ ಹಾಕಿದ್ದಾರೆ. ಬಿಪಿ ಇದೆ, ಶುಗರ್ ಇದೆ, ಇನ್ಸುಲಿನ್ ಇಲ್ಲ. ಕ್ರಿಯಾಟಿನಿನ್ 1.3. ಈಗ ಎದೆನೋವಿಲ್ಲ. ಚೀಟಿಯಲ್ಲಿ ಆಸ್ಪಿರಿನ್ 75, ಕ್ಲೋಪಿಡೋಗ್ರೆಲ್ 75, ಅಟೋರ್ವಾಸ್ಟಾಟಿನ್, ಮೆಟೊಪ್ರೊಲಾಲ್, ಟೆಲ್ಮಿಸಾರ್ಟನ್, ಡಾಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್.

ಮೊದಲು ಅಂಕ. 1999ರಲ್ಲಿ ಬಂದ ಪರಿಷ್ಕೃತ ಹೃದಯ ಅಪಾಯ ಸೂಚ್ಯಂಕದಲ್ಲಿ (ಆರ್‌ಸಿಆರ್‌ಐ) ಆರು ಅಂಶಗಳಿವೆ, ಒಂದಕ್ಕೆ ಒಂದು ಅಂಕ: ಹೊಟ್ಟೆಯೊಳಗಿನ, ಎದೆಯೊಳಗಿನ ಅಥವಾ ತೊಡೆಸಂದಿಗಿಂತ ಮೇಲಿನ ದೊಡ್ಡ ರಕ್ತನಾಳದ ಶಸ್ತ್ರಚಿಕಿತ್ಸೆ, ಹೃದಯದ ರಕ್ತಪೂರೈಕೆಯ ಕಾಯಿಲೆ, ಹೃದಯ ವೈಫಲ್ಯದ ಇತಿಹಾಸ, ಪಾರ್ಶ್ವವಾಯು ಅಥವಾ ಟಿಐಎ, ಇನ್ಸುಲಿನ್ ಮೇಲಿರುವ ಮಧುಮೇಹ, 2ಕ್ಕಿಂತ ಹೆಚ್ಚಿನ ಕ್ರಿಯಾಟಿನಿನ್. ನಮ್ಮವರಿಗೆ ಶಸ್ತ್ರಚಿಕಿತ್ಸೆಗೆ 1, ಹೃದಯಾಘಾತಕ್ಕೆ 1, ಒಟ್ಟು 2. ‘ಶುಗರ್ ಇದೆ’ ಎಂದು ಮೂರನೆಯ ಅಂಕ ಸೇರಿಸಿಬಿಡುವುದು ಸಾಮಾನ್ಯ ತಪ್ಪು. ಮಾತ್ರೆಯ ಮಧುಮೇಹಕ್ಕೆ ಇಲ್ಲಿ ಅಂಕವಿಲ್ಲ. 2 ಅಂಕಕ್ಕೆ ಮೂಲ ಅಧ್ಯಯನದಲ್ಲಿ ದೊಡ್ಡ ಹೃದಯ ತೊಂದರೆಯ ಪ್ರಮಾಣ ಸುಮಾರು 7% ಇತ್ತು. ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅದು ಸುಮಾರು 10%. ರೋಗಿಗೆ ಹೇಳುವಾಗ ‘ಹತ್ತರಲ್ಲಿ ಒಬ್ಬರಿಗೆ’ ಎನ್ನುವುದೇ ಸರಿ.

ಈ ಅಂಕ ಮನುಷ್ಯನ ಕಸುವನ್ನು ಅಳೆಯುವುದಿಲ್ಲ. ಆ ಕೆಲಸ ಪ್ರಶ್ನೆಗಳದ್ದು, ಎಡವುವುದೂ ಅಲ್ಲೇ. ‘ದಿನಾ ತೋಟಕ್ಕೆ ಹೋಗ್ತೀನಿ’ ಎಂದರೆ ನಾವು ‘ಚೆನ್ನಾಗಿದ್ದಾರೆ’ ಎಂದು ಬರೆದುಬಿಡುತ್ತೇವೆ. 2018ರ ಮೆಟ್ಸ್ ಅಧ್ಯಯನದಲ್ಲಿ ವೈದ್ಯರ ಇಂಥ ಅಂದಾಜು, ವ್ಯಾಯಾಮ ಪರೀಕ್ಷೆಯಲ್ಲಿ ನಿಜವಾಗಿ ಕಸುವು ಕಡಿಮೆ ಇದ್ದವರಲ್ಲಿ ಐದರಲ್ಲೊಬ್ಬರನ್ನಷ್ಟೇ ಗುರುತಿಸಿತು. ಅದಕ್ಕಾಗಿಯೇ ಹನ್ನೆರಡು ಪ್ರಶ್ನೆಗಳ ಡ್ಯೂಕ್ ಚಟುವಟಿಕೆ ಸೂಚ್ಯಂಕ, ಅಂದರೆ ಡಾಸಿ. ಗರಿಷ್ಠ 58.2, 34 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯ ಹೆಚ್ಚು.

ಕೊಡಗಿನಲ್ಲಿ ಅದರ ಗಾಲ್ಫ್, ಟೆನಿಸ್ ಪ್ರಶ್ನೆಗಳು ಹೆಚ್ಚಿನವರಿಗೆ ಅರ್ಥ ಕೊಡುವುದಿಲ್ಲ. ಹಾಕಿ ಆಡಿದವರು ಸಿಗುತ್ತಾರೆ, ಆದರೆ ಕೇಳಬೇಕಾದದ್ದು ಇಪ್ಪತ್ತರ ವಯಸ್ಸಿನ ಆಟವನ್ನಲ್ಲ, ಈಗ ಆಡಬಲ್ಲರೇ ಎಂಬುದನ್ನು. ಗುಡ್ಡದ ಪ್ರಶ್ನೆ ಮಾತ್ರ ನಮ್ಮ ನೆಲಕ್ಕೇ ಮಾಡಿದಂತಿದೆ. ಅದನ್ನು ಮೂರು ತುಂಡು ಮಾಡಿ ಕೇಳಿ: ‘ಮನೆಯಿಂದ ಮೇಲಿನ ಗೇಟಿಗೆ ನಡೆದೇ ಹೋಗ್ತೀರಾ, ಜೀಪಲ್ಲಾ? ಮಧ್ಯೆ ನಿಲ್ತೀರಾ? ನಿಲ್ಲೋದು ಉಸಿರಿಗಾ, ಮಂಡಿ ನೋವಿಗಾ?’ ನಮ್ಮವರು ತೋಟಕ್ಕೆ ಹೋಗುವುದು ಜೀಪಿನಲ್ಲಿ. ಕಳೆ ತೆಗೆಯುವುದು, ಮೆಣಸಿನ ಏಣಿ ಹತ್ತುವುದು ಆಳುಗಳ ಕೆಲಸ. ಏರು ಹತ್ತಲು ಹೋದರೆ ಅರ್ಧಕ್ಕೇ ಉಸಿರು ಕಟ್ಟಿ ನಿಲ್ಲುತ್ತಾರೆ. ಕಳೆದ ಕೆಲವು ತಿಂಗಳಲ್ಲಿ ಅದು ಜಾಸ್ತಿಯಾಗಿದೆ. ಉಳಿದದ್ದು: ಸ್ನಾನ, ಊಟ, ಬಟ್ಟೆ 2.75, ಮನೆಯೊಳಗೆ ಓಡಾಟ 1.75, ಸಮತಟ್ಟಿನಲ್ಲಿ ಸ್ವಲ್ಪ ನಡಿಗೆ 2.75, ಹಗುರ ಮನೆಗೆಲಸ 2.70; ಗುಡಿಸುವುದು, ಸಾಮಾನಿನ ಚೀಲ ಹೊರುವುದು 3.50. ಒಟ್ಟು 13.45.

ಇಲ್ಲೊಂದು ಬಲೆಯಿದೆ. ಡಾಸಿಯನ್ನು 0.43ರಿಂದ ಗುಣಿಸಿ, 9.6 ಕೂಡಿಸಿ, 3.5ರಿಂದ ಭಾಗಿಸಿದರೆ ಕಸುವಿನ ಅಳತೆಯಾದ ಮೆಟ್ ಸಿಗುತ್ತದೆ ಎಂಬ ಸೂತ್ರ ಎಲ್ಲ ಆ್ಯಪ್‌ಗಳಲ್ಲೂ ಇದೆ. ಇವರಿಗೆ ಲೆಕ್ಕ ಹಾಕಿ: 4.4 ಬರುತ್ತದೆ. ‘4 ಮೆಟ್ ದಾಟಿತು, ಪರವಾಗಿಲ್ಲ’ ಎಂದು ಬರೆದರೆ ಗುಡ್ಡದ ಅರ್ಧದಲ್ಲಿ ನಿಲ್ಲುವವರನ್ನು ಗಟ್ಟಿಗರ ಸಾಲಿಗೆ ಸೇರಿಸಿದಂತೆ. ಸೊನ್ನೆ ಅಂಕಕ್ಕೂ ಈ ಸೂತ್ರ 2.7 ಮೆಟ್ ಕೊಡುತ್ತದೆ. 34 ಅಂಕಕ್ಕೆ ಸುಮಾರು 7. ಆದ್ದರಿಂದ ಡಾಸಿ ಬಳಸಿದರೆ 34ರ ಗಡಿಯನ್ನೇ ನೋಡಿ, ಮೆಟ್‌ಗೆ ಪರಿವರ್ತಿಸಿ 4ರ ಜೊತೆ ಹೋಲಿಸಬೇಡಿ.

ಮುಂದೇನು? ಹೆಚ್ಚುತ್ತಿರುವ ಏದುಸಿರಿಗೆ ಕಾರಣ ಗೊತ್ತಿಲ್ಲ, ಹಾಗಾಗಿ ಎಕೋ ಬೇಕು. ಎಲ್ಲರಿಗೂ ಎಕೋ ಬೇಡ, ಇವರಿಗೆ ಬೇಕು. ಸ್ಟೆತೊಸ್ಕೋಪ್‌ನಲ್ಲಿ ಮಹಾಪಧಮನಿ ಕವಾಟ ಕಿರಿದಾದ ಮರ್ಮರವಿದೆಯೇ ಎಂದು ಮೊದಲೇ ಕೇಳಿರಬೇಕು. ನಮ್ಮ ಕೇಸಿನಲ್ಲಿ ಇಸಿಜಿಯಲ್ಲಿ ಹಳೆಯ ಕ್ಯೂ ಅಲೆ, ಎಕೋದಲ್ಲಿ ಇಎಫ್ 50%, ಕವಾಟ ಸರಿಯಿದೆ, ಎನ್‌ಟಿ-ಪ್ರೋಬಿಎನ್‌ಪಿ 640 ಎಂದುಕೊಳ್ಳಿ. 300 ದಾಟಿದೆ, ಅಂದರೆ ಆಪರೇಷನ್ ನಂತರ ಎರಡು ಮೂರು ದಿನ ನಿತ್ಯ ಟ್ರೋಪೋನಿನ್ ನೋಡಬೇಕು, ಹೋಲಿಕೆಗೆ ಮುಂಚೆಯೂ ಒಂದು. ಸ್ಟ್ರೆಸ್ ಪರೀಕ್ಷೆ ಬರೆಯುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಫಲಿತಾಂಶ ಬಂದ ಮೇಲೆ ನಾವು ಬೇರೆ ಏನಾದರೂ ಮಾಡುತ್ತೇವೆಯೇ? ಸ್ಥಿರವಾಗಿರುವವರಿಗೆ ರಕ್ತನಾಳದ ದೊಡ್ಡ ಆಪರೇಷನ್‌ಗೆ ಮೊದಲು ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ ಆಯುಷ್ಯ ಹೆಚ್ಚಲಿಲ್ಲ ಎಂದು 2004ರ ಕಾರ್ಪ್ ಪ್ರಯೋಗ ತೋರಿಸಿತು. ಮೇಲಾಗಿ ಹೊಸ ಸ್ಟೆಂಟ್ ಹಾಕಿದರೆ ಎರಡು ರಕ್ತ ತೆಳುಮಾತ್ರೆಗಳ ಹೊಸ ಕಾಲಾವಧಿ ಶುರುವಾಗಿ ಕ್ಯಾನ್ಸರ್ ಕಾಯಬೇಕಾಗುತ್ತದೆ.

ಈಗ ಮಾತ್ರೆಗಳು. ಬರೆಯುವ ಮೊದಲು ಸ್ಟ್ರಿಪ್‌ಗಳನ್ನೇ ತರಿಸಿ ಹಿಂಬದಿ ಓದಿ. ನಮ್ಮಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮೂರೂ ಒಂದೇ ಕ್ಯಾಪ್ಸೂಲ್‌ನಲ್ಲಿ ಬರುತ್ತವೆ. ಟೆಲ್ಮಿಸಾರ್ಟನ್ ಜೊತೆ ಮೆಟೊಪ್ರೊಲಾಲ್, ಡಾಪಾಗ್ಲಿಫ್ಲೋಜಿನ್ ಜೊತೆ ಮೆಟ್‌ಫಾರ್ಮಿನ್ ಹಾಗೆಯೇ. ‘ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ’ ಎಂದಷ್ಟೇ ಹೇಳಿದರೆ ಸ್ಟೆಂಟ್ ಕಾಯುವ ಆಸ್ಪಿರಿನ್ನೂ ಸ್ಟಾಟಿನ್ನೂ ಒಟ್ಟಿಗೆ ನಿಂತುಹೋಗುತ್ತವೆ. ಬಿಪಿ ಮಾತ್ರೆ ಬಿಡಿ ಎಂದರೆ ಬೀಟಾ ಬ್ಲಾಕರ್ ಆದ ಮೆಟೊಪ್ರೊಲಾಲ್ ತಪ್ಪುತ್ತದೆ. ಹಠಾತ್ತಾಗಿ ನಿಂತರೆ ನಾಡಿಬಡಿತ ಏರಿ ಹೃದಯಕ್ಕೆ ರಕ್ತ ಸಾಲದಾಗುತ್ತದೆ. ಜೋಡಿ ಮಾತ್ರೆಗಳನ್ನು ಬಿಡಿಬಿಡಿಯಾಗಿ ಬರೆದುಕೊಟ್ಟ ಮೇಲೆಯೇ ದಿನ ಹೇಳಿ.

ಸೋಮವಾರದ ಆಪರೇಷನ್‌ಗೆ ಕ್ಲೋಪಿಡೋಗ್ರೆಲ್ ಕೊನೆಯ ಮಾತ್ರೆ ಹಿಂದಿನ ಮಂಗಳವಾರ, ಐದು ದಿನ ಖಾಲಿ. ಬೆನ್ನಿಗೆ ಎಪಿಡ್ಯೂರಲ್ ಹಾಕುವ ಯೋಚನೆಯಿದ್ದರೆ ಅರಿವಳಿಕೆ ವೈದ್ಯರು ಏಳು ದಿನ ಕೇಳಬಹುದು. ಹೃದಯಾಘಾತದ ಸ್ಟೆಂಟ್‌ಗೆ 12 ತಿಂಗಳು ದಾಟಿರುವುದರಿಂದ ಇದು ಸಾಧ್ಯ. ಮೂರೇ ತಿಂಗಳಾಗಿದ್ದರೆ ಹೃದ್ರೋಗ ತಜ್ಞರನ್ನು ಕೂರಿಸಿಕೊಳ್ಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬಾರದು. ಆಸ್ಪಿರಿನ್ ಆಪರೇಷನ್ ದಿನದ ಬೆಳಗಿನವರೆಗೂ ಮುಂದುವರಿಯಲಿ. ಸ್ಟೆಂಟ್ ಇಲ್ಲದವರಿಗೆ ಆಸ್ಪಿರಿನ್‌ನಿಂದ ಲಾಭವಿಲ್ಲದೆ ರಕ್ತಸ್ರಾವ ಹೆಚ್ಚಿತೆಂಬ 2014ರ ಪಾಯ್ಸ್-2 ಪ್ರಯೋಗದ ಫಲಿತಾಂಶವನ್ನು ಸ್ಟೆಂಟ್ ಇರುವವರಿಗೆ ಹಾಗೇ ಅನ್ವಯಿಸಬೇಡಿ.

ಅಟೋರ್ವಾಸ್ಟಾಟಿನ್ ನಿಲ್ಲಿಸುವುದೇ ಇಲ್ಲ. ಮೆಟೊಪ್ರೊಲಾಲ್ ಸೋಮವಾರ ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ. ನಾಡಿ ತೀರಾ ನಿಧಾನ ಅಥವಾ ಬಿಪಿ ಕಡಿಮೆ ಇದ್ದರೆ ಮೊದಲು ಫೋನ್. ಮೊದಲಿನಿಂದ ತೆಗೆದುಕೊಳ್ಳದವರಿಗೆ ಅದೇ ದಿನ ಹೊಸದಾಗಿ ಶುರುಮಾಡಬೇಡಿ: 2008ರ ಪಾಯ್ಸ್ ಪ್ರಯೋಗದಲ್ಲಿ ಹೃದಯಾಘಾತ ತಗ್ಗಿದರೂ ಪಾರ್ಶ್ವವಾಯು, ಸಾವು ಹೆಚ್ಚಿದವು. ಟೆಲ್ಮಿಸಾರ್ಟನ್ 24 ಗಂಟೆ ಮುಂಚೆ ನಿಲ್ಲಲಿ, ಅರಿವಳಿಕೆಯಡಿ ಬಿಪಿ ಕುಸಿಯುವುದು ಕಡಿಮೆಯಾಗುತ್ತದೆ. ರಾತ್ರಿ ತೆಗೆದುಕೊಳ್ಳುವವರಾದರೆ ಭಾನುವಾರದ ಮಾತ್ರೆ ಬಿಡಬೇಕು. ಇಎಫ್ ತಗ್ಗಿದ ಹೃದಯ ವೈಫಲ್ಯವಿದ್ದಿದ್ದರೆ ಮುಂದುವರಿಸುವುದೇ ಲೇಸು.

ಡಾಪಾಗ್ಲಿಫ್ಲೋಜಿನ್ ಗುರುವಾರ ಕೊನೆ, ಮೂರು ಪೂರ್ತಿ ದಿನ ಖಾಲಿ. ಇದನ್ನು ಮರೆತರೆ ಏನಾಗುತ್ತದೆಂದು ತಿಳಿದಿರಬೇಕು. ಉಪವಾಸ, ಕರುಳು ಖಾಲಿ ಮಾಡುವ ದ್ರಾವಣ, ಆಪರೇಷನ್‌ನ ಒತ್ತಡ ಎಲ್ಲ ಸೇರಿ ಕೀಟೋನ್ ಏರುತ್ತದೆ. ಆದರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತಲೇ ಇರುವುದರಿಂದ ಗ್ಲುಕೋಮೀಟರ್ 180ರಷ್ಟೇ ತೋರಿಸುತ್ತದೆ. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು ಕಂಡರೆ ‘ಕರುಳು ಇನ್ನೂ ಎದ್ದಿಲ್ಲ’ ಎನ್ನುವ ಮೊದಲು ರಕ್ತದ ಕೀಟೋನ್ ಮತ್ತು ಆಮ್ಲೀಯತೆ ನೋಡಿ. ಮೆಟ್‌ಫಾರ್ಮಿನ್ ಆ ದಿನ ಬೆಳಗ್ಗೆ ಬಿಟ್ಟರೆ ಸಾಕು.

ಆಪರೇಷನ್ ನಂತರ ಟ್ರೋಪೋನಿನ್ ಏರಿದರೂ ನೋವಿನ ಔಷಧಿಯಿಂದಾಗಿ ಹೆಚ್ಚಿನವರು ಎದೆನೋವು ಹೇಳುವುದಿಲ್ಲ. ಏರಿದ ಕೂಡಲೇ ಇಸಿಜಿ, ರಕ್ತಸ್ರಾವ, ಬಿಪಿ, ಆಮ್ಲಜನಕ ನೋಡಬೇಕು. ಬಿಪಿ ಸ್ಥಿರವಾಗಿ, ನೀರು ಕುಡಿಯತೊಡಗಿ, ಕ್ರಿಯಾಟಿನಿನ್ ಸರಿಯಿದ್ದರೆ ಟೆಲ್ಮಿಸಾರ್ಟನ್ ಸುಮಾರು 48 ಗಂಟೆಯೊಳಗೆ ವಾಪಸ್. ತಡವಾದಷ್ಟೂ ಮರೆತೇ ಹೋಗುತ್ತದೆ. ಡಾಪಾಗ್ಲಿಫ್ಲೋಜಿನ್ ಊಟ ಮೊದಲಿನಂತಾದ ಮೇಲೆ. ಕ್ಲೋಪಿಡೋಗ್ರೆಲ್ ಮತ್ತೆ ಬೇಕೇ ಎಂಬುದನ್ನು ಹೃದ್ರೋಗ ತಜ್ಞರ ಬಳಿ ಕೇಳಿ, ಉತ್ತರವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಮನೆಗೆ ಹೋದವರು ಹಳೆಯ ಮೂರು-ಒಂದರ ಕ್ಯಾಪ್ಸೂಲನ್ನೇ ಮತ್ತೆ ಶುರುಮಾಡುತ್ತಾರೆ.