ಮಗ್ಗಿ ಪುಸ್ತಕದ ಕೊನೆಯ ಪುಟ: ಸೇರು, ಗುಂಟೆ, ಮೀಟರುಗಳ ಕಥೆ

ಮಗ್ಗಿ ಪುಸ್ತಕದ ಕೊನೆಯ ಪುಟದಲ್ಲಿ ಅಳತೆಯ ಕೋಷ್ಟಕ ಇರುತ್ತದೆ. ಮೇಲರ್ಧದಲ್ಲಿ 10 ಮಿಲಿಮೀಟರಿಗೆ 1 ಸೆಂಟಿಮೀಟರ್, 100 ಸೆಂಟಿಮೀಟರಿಗೆ 1 ಮೀಟರ್, 1000 ಮೀಟರಿಗೆ 1 ಕಿಲೋಮೀಟರ್ ಎಂದು ಎಲ್ಲವೂ ಹತ್ತರ ಲೆಕ್ಕ. ಕೆಳಗರ್ಧಕ್ಕೆ ಬಂದರೆ 12 ಅಂಗುಲಕ್ಕೆ 1 ಅಡಿ, 3 ಅಡಿಗೆ 1 ಗಜ, 40 ಗುಂಟೆಗೆ 1 ಎಕರೆ. ನಾನು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೇಲರ್ಧವನ್ನು ಅವರು ಒಂದೇ ದಿನದಲ್ಲಿ ಬಾಯಿಪಾಠ ಮಾಡುತ್ತಾರೆ. ಕೆಳಗರ್ಧದ ಬಗ್ಗೆ ಪ್ರತಿ ವರ್ಷವೂ ಒಂದೇ ಪ್ರಶ್ನೆ ಬರುತ್ತದೆ: ಮೀಟರ್ ಇರುವಾಗ ಇದೆಲ್ಲ ಏಕೆ ಬೇಕು? ಒಳ್ಳೆಯ ಪ್ರಶ್ನೆ. ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೀಟರ್ ಹುಟ್ಟಿದ್ದು ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ. ಯಾವ ರಾಜನ ತೋಳು, ಹೆಜ್ಜೆಗಳಿಗೂ ಸಂಬಂಧವಿಲ್ಲದ ಅಳತೆ ಬೇಕೆಂದು ಅಲ್ಲಿನ ವಿಜ್ಞಾನಿಗಳು ಭೂಮಿಯನ್ನೇ ಅಳತೆಗೋಲು ಮಾಡಿಕೊಂಡರು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರವನ್ನು ಒಂದು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಮೀಟರ್. ಇದನ್ನು ಕಂಡುಹಿಡಿಯಲು ದಲಾಂಬ್ರ್ ಮತ್ತು ಮೆಶೇನ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು 1792ರಿಂದ ಸುಮಾರು ಏಳು ವರ್ಷ ಡಂಕರ್ಕ್‌ನಿಂದ ಬಾರ್ಸಿಲೋನಾವರೆಗಿನ ನೆಲವನ್ನು ಅಳೆದರು. ಅವರ ಲೆಕ್ಕದಂತೆ 1799ರಲ್ಲಿ ಪ್ಲಾಟಿನಮ್ ಪಟ್ಟಿಯೊಂದು ತಯಾರಾಯಿತು. ಅದು ಇರಬೇಕಾದುದಕ್ಕಿಂತ ಸುಮಾರು 0.2 ಮಿಲಿಮೀಟರ್ ಗಿಡ್ಡವಾಗಿತ್ತು ಎಂಬುದು ಆಮೇಲೆ ತಿಳಿಯಿತು. ಆದರೂ ಅದನ್ನೇ ಉಳಿಸಿಕೊಂಡರು. ಎಲ್ಲರೂ ಒಂದನ್ನೇ ಬಳಸುವುದು ಆ ಕೂದಲೆಳೆಯ ತಪ್ಪಿಗಿಂತ ಮುಖ್ಯವಾಗಿತ್ತು. ಆ ಮೀಟರಿನಿಂದಲೇ ಉಳಿದವೂ ಬಂದವು. ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವುದು ಒಂದು ಲೀಟರ್. ಅಷ್ಟು ನೀರಿನ ತೂಕ ಒಂದು ಕಿಲೋಗ್ರಾಂ.

ನಮ್ಮಲ್ಲಿ ಬ್ರಿಟಿಷ್ ಸರ್ಕಾರ 1870 ಮತ್ತು 1871ರಲ್ಲಿಯೇ ಇದಕ್ಕಾಗಿ ಕಾಯ್ದೆ ಮಾಡಿತ್ತು. ಒಂದು ಕಿಲೋಗ್ರಾಮಿಗೆ ಸಮನಾದ ತೂಕಕ್ಕೆ ಜನರಿಗೆ ಪರಿಚಯವಿದ್ದ ‘ಸೇರು’ ಎಂಬ ಹೆಸರನ್ನೇ ಇಡುವ ಯೋಚನೆ ಅದರಲ್ಲಿತ್ತು. ಅದು ಕಾಗದದಲ್ಲೇ ಉಳಿಯಿತು. ಹಾಗಾಗಿ ಇನ್ನೂ ಎಂಬತ್ತಕ್ಕೂ ಹೆಚ್ಚು ವರ್ಷ ಸೇರು ಸೇರಾಗಿಯೇ, ಊರಿಗೊಂದು ಬಗೆಯಾಗಿ ನಡೆಯಿತು.

ಊರಿಗೊಂದು ಬಗೆ ಎಂದರೆ ಮಾತಿಗೆ ಹೇಳಿದ್ದಲ್ಲ. ಸರ್ಕಾರಿ ಸೇರು 80 ತೊಲ. ಒಂದು ತೊಲ ಎಂದರೆ 11.66 ಗ್ರಾಂ, ಆಗಿನ ಬೆಳ್ಳಿ ರೂಪಾಯಿಯ ತೂಕ. ಆ ಲೆಕ್ಕದಲ್ಲಿ ಸೇರು 933 ಗ್ರಾಂ. ಆದರೆ ಹಳೆ ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕ, ಅಂದರೆ ಸುಮಾರು 280 ಗ್ರಾಂ ಮಾತ್ರ. ಮಣ ಎಂದರೆ 40 ಸೇರು ಎಂದು ಎರಡೂ ಕಡೆ ಹೇಳುತ್ತಿದ್ದರು. ಒಂದು ಕಡೆ ಅದು 37 ಕಿಲೋ, ಇನ್ನೊಂದು ಕಡೆ 11 ಕಿಲೋ. ಇದರ ಮೇಲೆ ನಾಲ್ಕು ಪಾವಿನ ಸೇರು ಬೇರೆ ಇತ್ತು. ಅದು ತೂಕವೇ ಅಲ್ಲ, ಅಕ್ಕಿ ರಾಗಿ ಅಳೆಯುವ ಪಾತ್ರೆ. ಬೆಲ್ಲದ ಸೇರೂ ರಾಗಿಯ ಸೇರೂ ಒಂದೇ ಮಾತು, ಬೇರೆ ಬೇರೆ ವಸ್ತು.

1956ರ ನವೆಂಬರ್ 1ರಂದು ಹಳೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗುಗಳ ಕನ್ನಡ ಭಾಗಗಳು ಒಂದಾದವು. ಬೇರೆ ಬೇರೆ ಆಡಳಿತಗಳ ಅಳತೆಗಳನ್ನು ಹೊತ್ತೇ ಅವು ಒಂದು ರಾಜ್ಯಕ್ಕೆ ಬಂದವು. ಅದೇ ವರ್ಷ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಎಂಬ ಕೇಂದ್ರದ ಕಾಯ್ದೆಯೂ ಬಂದಿತು. ಮೊದಲು ಬದಲಾದದ್ದು ನಾಣ್ಯ. 1957ರ ಏಪ್ರಿಲ್ 1ರಿಂದ 16 ಆಣೆಯ ರೂಪಾಯಿ 100 ನಯಾ ಪೈಸೆಯ ರೂಪಾಯಿಯಾಯಿತು. ನಾಲ್ಕಾಣೆಗೆ ಸರಿಯಾಗಿ 25 ಪೈಸೆ. ಆದರೆ ಒಂದಾಣೆಗೆ ಆರೂಕಾಲು ಪೈಸೆ ಆಗುವುದರಿಂದ ಅದನ್ನು 6 ಎಂದೇ ಹಿಡಿಯಬೇಕಾಯಿತು. ತೂಕದ ಬದಲಾವಣೆ 1958ರ ಅಕ್ಟೋಬರಿನಲ್ಲಿ ಶುರುವಾಗಿ 1962ರ ಏಪ್ರಿಲ್ ಹೊತ್ತಿಗೆ ದೇಶವ್ಯಾಪಿ ಕಡ್ಡಾಯವಾಯಿತು. ಸೇರಿನ ಬೆಲೆಯನ್ನು ಕಿಲೋ ಬೆಲೆಗೆ ತಿರುಗಿಸಲು ಆಗ ಸುಲಭದ ಲೆಕ್ಕವೊಂದಿತ್ತು: 15 ಸರ್ಕಾರಿ ಸೇರು ಹೆಚ್ಚುಕಡಿಮೆ 14 ಕಿಲೋ. ಸೇರಿಗೆ 14 ಆಣೆ ಇದ್ದ ಬೇಳೆ ಕಿಲೋಗೆ 15 ಆಣೆಯಾದರೆ ನ್ಯಾಯ. ಒಂದು ರೂಪಾಯಿ ಕೇಳಿದರೆ ಅಂಗಡಿಯವನು ಒಂದಾಣೆ ಹೊಡೆದ ಎಂದೇ ಅರ್ಥ.

ತಕ್ಕಡಿಯ ಬಟ್ಟನ್ನು ಬದಲಾಯಿಸಿದರೆ ತೂಕ ಬದಲಾಯಿತು. ನೆಲವನ್ನು ಹಾಗೆ ಬದಲಾಯಿಸಲು ಆಗುವುದಿಲ್ಲ. ಸರ್ವೆ ನಕ್ಷೆ, ಕ್ರಯಪತ್ರ, ಪಹಣಿಗಳಲ್ಲಿ ಎಕರೆ ಗುಂಟೆಗಳು ಬೇರು ಬಿಟ್ಟಿದ್ದವು. ಈಗಲೂ ಅಲ್ಲೇ ಇವೆ. ಸೈಟು ಅಡಿಯಲ್ಲಿದೆ, ಜಲಾಶಯದ ಮಟ್ಟ ಅಡಿಯಲ್ಲಿದೆ. ಕೋಷ್ಟಕದ ಕೆಳಗರ್ಧ ಉಳಿದುಕೊಂಡಿರುವುದು ಇದಕ್ಕಾಗಿ. ನಿತ್ಯ ಬೇಕಾಗುವಷ್ಟನ್ನು ಇಲ್ಲಿ ಕೊಟ್ಟಿದ್ದೇನೆ:

| ಅಳತೆ | ಮೆಟ್ರಿಕ್‌ನಲ್ಲಿ | ಸಂಕೇತ |
|---|---|---|
| 1 ಅಂಗುಲ | 2.54 ಸೆಂಟಿಮೀಟರ್ (ನಿಖರ) | cm |
| 1 ಅಡಿ | 0.3048 ಮೀಟರ್ (ನಿಖರ) | m |
| 1 ಮೈಲಿ | 1.609 ಕಿಲೋಮೀಟರ್ | km |
| 1 ತೊಲ | 11.66 ಗ್ರಾಂ | g |
| 1 ಚದರ ಅಡಿ | 0.0929 ಚದರ ಮೀಟರ್ | m² |
| 1 ಗುಂಟೆ | 101.17 ಚದರ ಮೀಟರ್ | m² |
| 1 ಎಕರೆ | 0.4047 ಹೆಕ್ಟೇರ್ | ha |
| 1 ಘನ ಅಡಿ | 28.32 ಲೀಟರ್ | L |

ಮೂರನೆಯ ಕಾಲಂ ಬಗ್ಗೆ ಒಂದು ಮಾತು. ಕಿ.ಮೀ. ಎನ್ನುವುದು ಕನ್ನಡದ ಸಂಕ್ಷೇಪ. ಅದಕ್ಕೆ ಚುಕ್ಕಿ ಹಾಕುತ್ತೇವೆ. km ಎನ್ನುವುದು ಸಂಕೇತ. ಅದು ಎಲ್ಲ ಭಾಷೆಗಳಲ್ಲಿಯೂ ಒಂದೇ ಆಗಿರುತ್ತದೆ, ಅದಕ್ಕೆ ಚುಕ್ಕಿಯೂ ಇಲ್ಲ, ಬಹುವಚನವೂ ಇಲ್ಲ. ಆದ್ದರಿಂದ ಅಂಗಡಿ ಫಲಕದ Kgs, gms ಎರಡೂ ತಪ್ಪು. 5 kg, 200 g ಎಂದು ನಡುವೆ ಜಾಗ ಬಿಟ್ಟು ಬರೆಯಬೇಕು. ದೊಡ್ಡಕ್ಷರ, ಸಣ್ಣಕ್ಷರಗಳಿಗೂ ಅರ್ಥವಿದೆ. ಸಾವಿರ ಪಟ್ಟಿಗೆ ಸಣ್ಣ k. ದೊಡ್ಡ K ಬರೆದರೆ ಅದು ಉಷ್ಣತೆಯ ಕೆಲ್ವಿನ್. mm ಎಂದರೆ ಮೀಟರಿನ ಸಾವಿರದ ಒಂದು ಭಾಗ, Mm ಎಂದರೆ ಹತ್ತು ಲಕ್ಷ ಮೀಟರ್. ಲೀಟರಿಗೆ ಮಾತ್ರ l ಮತ್ತು L ಎರಡಕ್ಕೂ ಒಪ್ಪಿಗೆ ಇದೆ. ಸಣ್ಣ l ಅಂಕಿ 1ರಂತೆ ಕಾಣುತ್ತದೆ ಎಂಬ ಕಾರಣಕ್ಕೆ 1979ರಲ್ಲಿ ದೊಡ್ಡಕ್ಷರವನ್ನೂ ಸೇರಿಸಿಕೊಂಡರು. ನನ್ನ ಮಕ್ಕಳಿಗೆ L ಬರೆಯಿರಿ ಎಂದೇ ಹೇಳುತ್ತೇನೆ.

ಇನ್ನು ನಿಜವಾದ ಎಡವಟ್ಟು ಆಗುವ ಜಾಗಕ್ಕೆ ಬರೋಣ. ಮೂವತ್ತು-ನಲವತ್ತರ ಸೈಟು ಎಷ್ಟು ಚದರ ಮೀಟರ್ ಎಂದು ತರಗತಿಯಲ್ಲಿ ಕೇಳಿದೆ. ಹಲವರು 30ನ್ನು 40ರಿಂದ ಗುಣಿಸಿ, ಬಂದ 1200ನ್ನು 0.3048ರಿಂದ ಗುಣಿಸಿ 365.76 ಎಂದು ಬರೆದರು. ಗುಣಾಕಾರ ಸರಿಯಾಗಿಯೇ ಇತ್ತು, ದಾರಿ ತಪ್ಪಿತ್ತು. 30 ಅಡಿ ಎಂದರೆ 9.144 ಮೀಟರ್, 40 ಅಡಿ ಎಂದರೆ 12.192 ಮೀಟರ್. ಗುಣಿಸಿದರೆ 111.48 ಚದರ ಮೀಟರ್. ಉದ್ದವನ್ನೂ ಬದಲಾಯಿಸಬೇಕು, ಅಗಲವನ್ನೂ ಬದಲಾಯಿಸಬೇಕು. ಅವರು ಒಂದನ್ನು ಬದಲಾಯಿಸಿ ಇನ್ನೊಂದನ್ನು ಅಡಿಯಲ್ಲೇ ಬಿಟ್ಟಿದ್ದರು. ತಪ್ಪನ್ನು ಹಿಡಿಯಲು ಕ್ಯಾಲ್ಕುಲೇಟರ್ ಬೇಡ. ಒಂದು ಮೀಟರಿನಲ್ಲಿ ಮೂರು ಅಡಿಗಿಂತ ಸ್ವಲ್ಪ ಹೆಚ್ಚಿದೆ. ಆದ್ದರಿಂದ ಒಂದು ಚದರ ಮೀಟರಿನಲ್ಲಿ ಒಂಬತ್ತು ಚದರ ಅಡಿಗಿಂತ ಹೆಚ್ಚಿರಬೇಕು, ಸರಿಯಾಗಿ ಹೇಳಿದರೆ 10.76. ಚದರ ಅಡಿಯ ಹತ್ತರ ಒಂದು ಪಾಲಿನ ಆಸುಪಾಸಿನಲ್ಲಿ ಉತ್ತರ ಬಂದಿಲ್ಲವಾದರೆ ಲೆಕ್ಕ ಕೆಟ್ಟಿದೆ ಎಂದು ತಿಳಿಯಬೇಕು.

ಘನ ಅಳತೆಯಲ್ಲಿ ಮೂರು ಸಲ ಬದಲಾಯಿಸಬೇಕು. ಪತ್ರಿಕೆಯಲ್ಲಿ ದಿನವೂ ಓದುವ ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸಾವಿರ ಅಡಿ ಉದ್ದ, ಸಾವಿರ ಅಡಿ ಅಗಲ, ಸಾವಿರ ಅಡಿ ಎತ್ತರದ ಪೆಟ್ಟಿಗೆಯನ್ನು ಕಲ್ಪಿಸಿಕೊಂಡರೆ ಆಯಿತು. ಅದರ ಪ್ರತಿ ಬದಿ 304.8 ಮೀಟರ್. ಮೂರು ಸಲ ಗುಣಿಸಿದರೆ ಸುಮಾರು 2.83 ಕೋಟಿ ಘನ ಮೀಟರ್, ಅಂದರೆ 2,832 ಕೋಟಿ ಲೀಟರ್. ಕೆಆರ್‌ಎಸ್ ಜಲಾಶಯದ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ಅದು 140 ಕೋಟಿ ಘನ ಮೀಟರಾಗುತ್ತದೆ. ಸುಮಾರು 1.4 ಘನ ಕಿಲೋಮೀಟರ್ ನೀರು.

ಗುಂಟೆಯ ವಿಷಯ ಬೇರೆಯೇ. ಇಡೀ ಕೆಳಗರ್ಧದಲ್ಲಿ ನನಗೆ ಬಹಳ ಇಷ್ಟವಾದ ಅಳತೆ ಅದು. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, 1089 ಚದರ ಅಡಿ. 33 ಅಡಿಯನ್ನು ಮೀಟರಿಗೆ ತಿರುಗಿಸಿದರೆ 10.06. ಅಂದರೆ ನಮ್ಮ ಗುಂಟೆ ಮತ್ತು ಹತ್ತು ಮೀಟರಿನ ಚೌಕ ಹೆಚ್ಚುಕಡಿಮೆ ಒಂದೇ. ಫ್ರೆಂಚರು ಈ ಹತ್ತು ಮೀಟರ್ ಚೌಕವನ್ನು ‘ಆರ್’ ಎಂದು ಕರೆದು, ಅಂಥ ನೂರನ್ನು ಸೇರಿಸಿ ಹೆಕ್ಟೇರ್ ಎಂದರು. ಆದ್ದರಿಂದ ಗುಂಟೆಯಿಂದ ಹೆಕ್ಟೇರಿಗೆ ಹೋಗಲು ನೂರರಿಂದ ಭಾಗಿಸಿ, ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಸೇರಿಸಿದರೆ ಸಾಕು.

ಇಲ್ಲಿ ಕಾಡುವುದು ಚುಕ್ಕಿ. ಪಹಣಿಯಲ್ಲಿ ಎಕರೆಯನ್ನೂ ಗುಂಟೆಯನ್ನೂ ಚುಕ್ಕಿಯಿಂದ ಬೇರ್ಪಡಿಸಿ 2.20 ಎಂದು ಬರೆದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಕ್ಯಾಲ್ಕುಲೇಟರಿಗೆ ಅದನ್ನು ಹಾಗೆಯೇ ಕೊಟ್ಟರೆ ಅದು ದಶಮಾಂಶ ಎಂದು ತಿಳಿದು ಎರಡು ಎಕರೆ ಎಂಟು ಗುಂಟೆ ಮಾಡಿಬಿಡುತ್ತದೆ. ಒಬ್ಬ ರೈತನಿಗೆ ಒಂದು ಸರ್ವೆ ನಂಬರಿನಲ್ಲಿ 2.20, ಇನ್ನೊಂದರಲ್ಲಿ 1.30 ಇದೆ ಎನ್ನೋಣ. ಕೂಡಿಸಿ 3.50 ಎನ್ನುವಂತಿಲ್ಲ, ಏಕೆಂದರೆ 40 ಗುಂಟೆಗೇ ಎಕರೆ ತುಂಬುತ್ತದೆ. ಮೊದಲು ಎಲ್ಲವನ್ನೂ ಗುಂಟೆ ಮಾಡಿಕೊಳ್ಳಬೇಕು: 100 ಮತ್ತು 70, ಒಟ್ಟು 170 ಗುಂಟೆ, ಅಂದರೆ ನಾಲ್ಕು ಎಕರೆ ಹತ್ತು ಗುಂಟೆ. ಹೆಕ್ಟೇರಿಗೆ ತಿರುಗಿಸಲು ನೂರರಿಂದ ಭಾಗಿಸಿದರೆ 1.70, ಮೇಲಿನ ಚೂರು ಸೇರಿಸಿದರೆ 1.72. ಈ ಎರಡನೆಯ ಚುಕ್ಕಿ ಮಾತ್ರ ನಿಜವಾದ ದಶಮಾಂಶ.